ಒಂದು ಆಂಪ್ಸ್ ಬೇಕಾದರೆ ಒಂದು ಆಂಪ್ಸ್ ಟ್ರಾನ್ಸ್‌ಫಾರ್ಮರ್ ಸಾಲದು

ಉಡುಪಿಯ ನಮ್ಮ ರಿಪೇರಿ ಅಂಗಡಿಗೆ ಕಾಪು ಕಡೆಯ ಭಜನಾ ಮಂದಿರದ ಮೈಕ್ ಸೆಟ್‌ನ ಪವರ್ ಸಪ್ಲೈ ಬಂದಿತ್ತು. 12 ವೋಲ್ಟ್, ಒಂದು ಆಂಪ್ಸ್. ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡಿನ ಬ್ರಿಡ್ಜ್, 4700 ಮೈಕ್ರೋಫ್ಯಾರಡ್ ಕೆಪಾಸಿಟರ್, 7812 ರೆಗ್ಯುಲೇಟರ್, ಅಷ್ಟೇ ಸರ್ಕ್ಯೂಟ್. ತಂದವರು ಹೇಳಿದ್ದು: "ಎಂತ ಮಾರಾಯ್ರೆ, ಕರೆಂಟ್ ಹೋಗಿ ಬಂದಾಗ ಕೆಲವೊಮ್ಮೆ ಫ್ಯೂಸ್ ಹೋಗ್ತದೆ, ಕೆಲವೊಮ್ಮೆ ಎಂತ ಆಗುದಿಲ್ಲ. ಟ್ರಾನ್ಸ್‌ಫಾರ್ಮರ್ ಮುಟ್ಲಿಕ್ಕೇ ಆಗುದಿಲ್ಲ, ಅಷ್ಟು ಬಿಸಿ." ಬಿಚ್ಚಿ ನೋಡಿದರೆ ಫ್ಯೂಸ್ ಹೋಲ್ಡರಿಗೆ ವೈರಿನ ಒಂದೆಳೆ ತಾಮ್ರ ಸುತ್ತಿದ್ದರು. ಅದನ್ನು ಮೊದಲು ಕಿತ್ತೆ.

ಬಿಸಿಯ ಕಾರಣ ಲೇಬಲಿನಲ್ಲೇ ಇತ್ತು: 15 ವೋಲ್ಟ್, 1 ಆಂಪ್ಸ್. ಹೊರಗೆ ಒಂದು ಆಂಪ್ಸ್ ಡಿಸಿ ಬೇಕು, ಹಾಗಾಗಿ ಒಂದು ಆಂಪ್ಸಿನ ಟ್ರಾನ್ಸ್‌ಫಾರ್ಮರ್ ಎಂದು ಲೆಕ್ಕ ಹಾಕಿದ್ದಾರೆ. ಆದರೆ ಬ್ರಿಡ್ಜ್‌ನ ನಂತರ ಕೆಪಾಸಿಟರ್ ಇದ್ದಾಗ ಟ್ರಾನ್ಸ್‌ಫಾರ್ಮರ್ ಇಡೀ ಹೊತ್ತು ಕರೆಂಟ್ ಕೊಡುವುದಿಲ್ಲ. ಅಲೆಯ ತುದಿಯಲ್ಲಿ ಮಾತ್ರ, ಎರಡು ಮೂರು ಮಿಲಿಸೆಕೆಂಡ್, ದೊಡ್ಡ ದೊಡ್ಡ ತುಂಡಾಗಿ ಕೊಡುತ್ತದೆ. ಸರಾಸರಿ ಒಂದೇ ಆಂಪ್ಸ್ ಆದರೂ ವೈಂಡಿಂಗನ್ನು ಬಿಸಿ ಮಾಡುವ ಆರ್‌ಎಂಎಸ್ ಕರೆಂಟ್ ಸುಮಾರು 1.8 ಆಂಪ್ಸ್ ಆಗುತ್ತದೆ. ತಾಮ್ರದ ಬಿಸಿ ಕರೆಂಟಿನ ವರ್ಗಕ್ಕೆ ಏರುವುದರಿಂದ, ಆ ಪಾಪದ ಟ್ರಾನ್ಸ್‌ಫಾರ್ಮರ್ ತನ್ನ ಲೆಕ್ಕದ ಮೂರು ಪಟ್ಟಿಗಿಂತ ಹೆಚ್ಚು ಬಿಸಿ ಹೊರುತ್ತಿತ್ತು. 15 ಗುಣಿಸು 1.8, ಅಂದರೆ 27 ವಿಎ. ನಾನು ಹಾಕಿದ್ದು 15 ವೋಲ್ಟ್, 2 ಆಂಪ್ಸ್, 30 ವಿಎ.

ವೋಲ್ಟೇಜ್ 15 ಸಾಕೇ ಎಂದು ಲೈನ್ ಇಳಿದಾಗಿನ ಲೆಕ್ಕದಲ್ಲಿ ನೋಡಬೇಕು, 230ರಲ್ಲಿ ಅಲ್ಲ. ಲೈನ್ 200ಕ್ಕೆ ಇಳಿದರೆ ಸೆಕೆಂಡರಿಯಲ್ಲಿ 13 ವೋಲ್ಟ್, ಅದರ ತುದಿ 18.4. ಎರಡು ಡಯೋಡಿಗೆ 2 ವೋಲ್ಟ್ ಹೋಯಿತು, ಕೆಪಾಸಿಟರಿನ ಮೇಲಿನ ಏರಿಳಿತಕ್ಕೆ, ಅಂದರೆ ರಿಪಲ್‌ಗೆ, ಮತ್ತೆ 2. ಉಳಿದದ್ದು 14.4. 7812ಕ್ಕೆ ಸುಮಾರು 14 ಬೇಕು. ಅಂತೂ ಪಾಸು. 190ಕ್ಕೆ ಇಳಿದರೆ ಸ್ಪೀಕರಿನಲ್ಲಿ ಗುಂಯ್ ಶುರು. ಹಾಗೆಂದು ಸುಮ್ಮನೆ 18 ವೋಲ್ಟ್ ಹಾಕಿದರೆ ರೆಗ್ಯುಲೇಟರಿನಲ್ಲಿ ಸುಡುವ ಶಕ್ತಿ 6 ವಾಟಿನಿಂದ 10ರ ಹತ್ತಿರ ಹೋಗುತ್ತದೆ, ಹೀಟ್ ಸಿಂಕ್ ದೊಡ್ಡದು ಬೇಕು.

ಇನ್ನು ಫ್ಯೂಸ್. ಪೂರ್ತಿ ಲೋಡಿನಲ್ಲಿ ಪ್ರೈಮರಿ ಎಳೆಯುವುದು 30 ಭಾಗಿಸು 230, ಸುಮಾರು 130 ಮಿಲಿಆಂಪ್ಸ್. ಸ್ವಿಚ್ ಹಾಕಿದ ಕ್ಷಣದ ಕಥೆ ಬೇರೆ. ವೋಲ್ಟೇಜ್ ಸೊನ್ನೆ ದಾಟುವ ಹೊತ್ತಿಗೆ ಸರಿಯಾಗಿ ಸ್ವಿಚ್ ಕೂಡಿದರೆ, ಕೋರಿನ ಫ್ಲಕ್ಸ್ ಮಾಮೂಲಿಯ ಸುಮಾರು ಎರಡು ಪಟ್ಟು ಏರಬೇಕಾಗುತ್ತದೆ. ಹಿಂದಿನ ಸಲ ಆಫ್ ಆದಾಗ ಉಳಿದ ಕಾಂತತ್ವ ಅದೇ ದಿಕ್ಕಿಗೆ ಇದ್ದರೆ ಇನ್ನೂ ಹೆಚ್ಚು. ಕೋರ್ ಸ್ಯಾಚುರೇಟ್ ಆಯಿತೆಂದರೆ, ಅಂದರೆ ಇನ್ನು ಹೆಚ್ಚು ಫ್ಲಕ್ಸ್ ಹಿಡಿಯಲಾಗದೆ ಹೋದರೆ, ಕರೆಂಟನ್ನು ತಡೆಯಲು ಮುಖ್ಯವಾಗಿ ಉಳಿಯುವುದು ತಂತಿಯ ರೆಸಿಸ್ಟೆನ್ಸ್. ಮೀಟರಿನಲ್ಲಿ ಈ ಪ್ರೈಮರಿ 90 ಓಮ್ಸ್ ತೋರಿಸಿತು. 325 ಭಾಗಿಸು 90, ಹೆಚ್ಚೆಂದರೆ 3.6 ಆಂಪ್ಸ್, ಕೆಲವು ಮಿಲಿಸೆಕೆಂಡ್ ಮಟ್ಟಿಗೆ. ಅದೇ ಸ್ವಿಚ್ ಅಲೆಯ ತುದಿಯಲ್ಲಿ ಕೂಡಿದರೆ ಕೋರಿನಿಂದ ಈ ಹೊಡೆತ ಇಲ್ಲವೇ ಇಲ್ಲ ಎನ್ನಬಹುದು. ಖಾಲಿ ಕೆಪಾಸಿಟರ್ ತುಂಬುವ ಕರೆಂಟ್ ಮಾತ್ರ. "ಕೆಲವೊಮ್ಮೆ" ಎಂದು ಅವರು ಹೇಳಿದ್ದು ಇದನ್ನೇ.

ಹಳೆಯ ಫ್ಯೂಸಿನ ಲೋಹದ ಟೊಪ್ಪಿಯ ಮೇಲೆ ಎಫ್ ಎಂದಿತ್ತು, 160 ಮಿಲಿಆಂಪ್ಸ್. ಅದು ಬೇಗ ಹೋಗುವ ಜಾತಿ. ಗಾಜು ಸ್ವಚ್ಛವಾಗಿದ್ದು ಎಳೆ ನಡುವೆ ಮಾತ್ರ ಕಡಿದಿತ್ತು. ಒಳಗೆ ಶಾರ್ಟ್ ಆಗಿದ್ದರೆ ಗಾಜಿನ ಒಳಮೈ ಕಪ್ಪಾಗಿ ಅಥವಾ ಕನ್ನಡಿಯಂತೆ ಬೆಳ್ಳಿಯಾಗಿ ಇರುತ್ತಿತ್ತು. ನಾನು ಹಾಕಿದ್ದು ಟಿ ಗುರುತಿನ ಸ್ಲೋ ಬ್ಲೋ, 200 ಮಿಲಿಆಂಪ್ಸ್. ಆಮೇಲೆ ಬೆಂಚಿನಲ್ಲಿ ಬೇಕೆಂದೇ ಮತ್ತೆ ಮತ್ತೆ ಆಫ್-ಆನ್ ಮಾಡಿದೆ, ಪ್ರತಿ ಸಲ ಕೆಪಾಸಿಟರ್ ಖಾಲಿಯಾಗಲು ಬಿಟ್ಟು. ಒಂದು ಸಲ ಹಾಕಿ "ಓಕೆ" ಎಂದರೆ ಅದು ಪರೀಕ್ಷೆಯೇ ಅಲ್ಲ, ಸ್ವಿಚ್ ಯಾವ ಬಿಂದುವಿನಲ್ಲಿ ಕೂಡಿತೋ ಯಾರಿಗೆ ಗೊತ್ತು.

ಈ ಫ್ಯೂಸಿನ ಮಿತಿಯೂ ಇದೆ. ಐಇಸಿ ಪ್ರಮಾಣದ ಸ್ಲೋ ಬ್ಲೋ ಫ್ಯೂಸ್ ಒಂದೂವರೆ ಪಟ್ಟು ಕರೆಂಟನ್ನು ಒಂದು ಗಂಟೆಯಾದರೂ ತಾಳಬೇಕು, 2.1 ಪಟ್ಟಿನಲ್ಲಿ ಎರಡು ನಿಮಿಷದೊಳಗೆ ಹೋಗಬೇಕು. ಅಂದರೆ 200 ಮಿಲಿಆಂಪ್ಸಿನದು 300 ಮಿಲಿಆಂಪ್ಸಿಗೆ ಸುಮ್ಮನೆ ಕೂತಿರಬಹುದು, 30 ವಿಎ ಟ್ರಾನ್ಸ್‌ಫಾರ್ಮರ್ ಅಷ್ಟರಲ್ಲಿ 70 ವಿಎ ಹೊತ್ತು ನಿಧಾನಕ್ಕೆ ಬೇಯುತ್ತದೆ. ಬ್ರಿಡ್ಜ್ ಶಾರ್ಟ್ ಆದರೆ ಪ್ರೈಮರಿ ಫ್ಯೂಸ್ ಕೆಲಸ ಮಾಡುತ್ತದೆ, ಸಣ್ಣ ಓವರ್‌ಲೋಡಿಗೆ ಇಲ್ಲ. ಅದಕ್ಕೆ ಸೆಕೆಂಡರಿಯಲ್ಲಿ 2.5 ಆಂಪ್ಸಿನ ಇನ್ನೊಂದು ಸ್ಲೋ ಬ್ಲೋ ಹಾಕಿದೆ. ಟ್ರಾನ್ಸ್‌ಫಾರ್ಮರನ್ನೂ ವೈಂಡಿಂಗ್ ಒಳಗೆ ಥರ್ಮಲ್ ಫ್ಯೂಸ್ ಇರುವಂಥದ್ದನ್ನೇ ಆರಿಸಿದ್ದೆ. ನಾಲ್ಕು ಕಾಸು ಹೆಚ್ಚಾದರೂ ಆ ಜಾಗದಲ್ಲಿ ಬಿಸಿಯನ್ನು ನೇರವಾಗಿ ನೋಡುವುದು ಅದೊಂದೇ.