ಕೂದ್ಲು ಟಪ್ ಅಂತ ತುಂಡಾಗ್ತಿತ್ತು, ನಾನು ಅದಕ್ಕೇ ಇನ್ನೊಂದ್ ಸಲ ಪ್ರೋಟೀನ್ ಹಾಕ್ದೆ

ಹಾಸನದಲ್ಲಿ ಬಿ.ಎಂ. ರೋಡಿಂದ ಒಳಗೆ ಒಂದು ಕ್ರಾಸಲ್ಲಿ ನನ್ನ ಪಾರ್ಲರ್ ಇದೆ, ಕೆಲಸಕ್ಕೆ ಇಳಿದು ಹನ್ನೊಂದು ವರ್ಷ ಆಯ್ತು. ಹೋದ್ ವರ್ಷ ಮಾಡಿದ ಒಂದು ತಪ್ಪು ಹೇಳ್ತೀನಿ.

ಬೇಲೂರು ಕಡೆಯಿಂದ ಬಸ್ಸಲ್ಲಿ ಬರೋ ಕಾಲೇಜು ಹುಡ್ಗಿ ಒಬ್ಳು. ಮನೇಲೇ ಫ್ರೆಂಡ್ ಜೊತೆ ಸೇರ್ಕೊಂಡು ಬ್ಲೀಚ್ ಪುಡಿ ಕಲಸೋ ಡೆವಲಪರ್ 40 ವಾಲ್ಯೂಮಿಂದು ತಗೊಂಡು ಬ್ಲೀಚ್ ಹಾಕ್ಕೊಂಡಿದ್ಲು, ಅದೂ ಎರಡು ವಾರದಲ್ಲಿ ಎರಡು ಸಲ. 40 ಅಂದ್ರೆ 12% ಪೆರಾಕ್ಸೈಡ್, ನಾವು ಪಾರ್ಲರಲ್ಲಿ ಸಾಮಾನ್ಯವಾಗಿ ತಗೊಳ್ಳೋ 20ರಲ್ಲಿ 6% ಅಷ್ಟೇ ಇರೋದು. ಬ್ಲೀಚ್ ಬರೀ ಬಣ್ಣ ತೆಗೆದು ಸುಮ್ನಿರಲ್ಲ, ಕೂದಲಲ್ಲಿರೋ ಕೆರಾಟಿನ್ ಅನ್ನೋ ಪ್ರೋಟೀನನ್ನ ಕಟ್ಟಿ ಹಿಡಿದಿರೋ ಗಂಧಕದ ಬಂಧಗಳನ್ನೂ ಒಡೆಯುತ್ತೆ, ಮೇಲಿನ ಪದರದಲ್ಲಿ ಹುಟ್ಟಿನಿಂದ ಇರೋ ಸಣ್ಣ ಜಿಡ್ಡಿನ ಹೊದಿಕೆನೂ ಕಿತ್ತು ಹಾಕುತ್ತೆ. ಆ ಹೊದಿಕೆ ಹೋದ್ಮೇಲೆ ಕೂದ್ಲು ನೀರನ್ನ ಗಬಗಬ ಕುಡಿಯುತ್ತೆ, ಆದ್ರೆ ಒಣಗಿದ್ಮೇಲೆ ಒರಟೊರಟು.

ಹುಡ್ಗಿ ಸುಮ್ನೆ ಕೂತಿರ್ಲಿಲ್ಲ. ಪ್ರತಿ ಸಲ ತಲೆ ತೊಳೆದಾಗ ಕೆರಾಟಿನ್ ಮಾಸ್ಕ್, ಅದರ ಮೇಲೆ ಪ್ರೋಟೀನ್ ಇರೋ ಲೀವ್-ಇನ್ ಸ್ಪ್ರೇ, ಭಾನುವಾರ ಮೊಟ್ಟೆ ಬೇರೆ. (ಮೊಟ್ಟೆ ವಿಷಯ ಹೇಳ್ಲೇಬೇಕು, ಅದರ ಪ್ರೋಟೀನ್ ಕಣ ದೊಡ್ಡದು, ಕೂದಲೊಳಗೆ ಹೋಗಲ್ಲ, ಒಳಗೆ ಇಳಿಯೋದು ಒಡೆದು ಸಣ್ಣದು ಮಾಡಿರೋ ಹೈಡ್ರೊಲೈಜ್ಡ್ ಪ್ರೋಟೀನ್ ಮಾತ್ರ.) ನನ್ ಹತ್ರ ಬಂದಾಗ ಕೂದ್ಲು ಒಣಗಿದ ರಾಗಿ ಹುಲ್ಲು, ಬಾಚಿದ್ರೆ ಸಾಕು ಅರ್ಧ ಇಂಚಿನ ತುಂಡುಗಳು ಹೆಗಲ ಮೇಲೆ. ನಾನು "ಬ್ಲೀಚಿಂದ ವೀಕ್ ಆಗಿದೆ ಪುಟ್ಟಾ, ಸ್ಟ್ರಾಂಗ್ ಮಾಡೋಣ" ಅಂತ ಒಂದು ಪ್ರೋಟೀನ್ ಟ್ರೀಟ್‌ಮೆಂಟ್ ಮಾಡಿ ಕಳ್ಸಿದೆ, ಮನೇಲಿ ಏನೇನ್ ಹಾಕ್ತಿದ್ಯಾ ಅಂತ ಒಂದು ಮಾತು ಕೇಳ್ಲಿಲ್ಲ ನೋಡಿ.

ಎಂಟು ದಿನಕ್ಕೆ ವಾಪಸ್ ಬಂದ್ಲು, "ಅಕ್ಕಾ ಮುಂಚೆಗಿಂತ ಜಾಸ್ತಿ ಉದುರ್ತಿದೆ" ಅಂತ.

ಆಗ ಉದುರಿದ ಒಂದು ಎಳೆ ನೆನೆಸಿ ಎರಡು ಕೈಲಿ ಹಿಡ್ದು ಮೆಲ್ಲಗೆ ಎಳೆದೆ, ಮೊದಲನೇ ದಿನಾನೇ ಮಾಡಬೇಕಿತ್ತು. ಚೆನ್ನಾಗಿರೋ ಒದ್ದೆ ಕೂದ್ಲು ಸ್ವಲ್ಪ ಹಿಗ್ಗಿ, ಬಿಟ್ರೆ ವಾಪಸ್ ಬರುತ್ತೆ. ಇದು ಹಿಗ್ಗಲೇ ಇಲ್ಲ, ಟಪ್ ಅಂತು. ಹಿಗ್ಗದೇ ಮುರಿದ್ರೆ ಪ್ರೋಟೀನ್ ಜಾಸ್ತಿ ಇರಬಹುದು ಇಲ್ಲಾ ಬರೀ ಒಣಗಿರಬಹುದು, ಎರಡೂ ಒಂದೇ ಥರ ಕಾಣುತ್ತೆ. ನಾನು ನೋಡೋದು ಒದ್ದೆ ಇದ್ದಾಗ ಮುಟ್ಟಿದ್ರೆ ಹೇಗಿದೆ ಅಂತ. ಪ್ರೋಟೀನ್ ಕೂತಿರೋ ಕೂದ್ಲು ನೀರಲ್ಲಿದ್ದಾಗಲೂ ಬಿರುಸಾಗೇ ಇರುತ್ತೆ, ಕಂಡೀಷನರ್ ಹಚ್ಚಿದ್ರೂ ಜಾರಲ್ಲ. ಜೊತೆಗೆ ಅವಳು ಹಚ್ಚಿದ್ದೆಲ್ಲ ಕೇಳಿದ್ಮೇಲೆ ಡೌಟೇ ಉಳೀಲಿಲ್ಲ.

ಒಂದೇ ಒಂದು ಸಲ ಕ್ಲಾರಿಫೈಯಿಂಗ್ ಶಾಂಪೂ ಹಾಕಿ ಮೇಲೆ ಕೂತಿರೋದನ್ನ ತೆಗೆದೆ (ಅವರ ಮನೇಲಿ ಬೋರ್ ನೀರು, ಅದರ ಉಪ್ಪೂ ಸೇರ್ಕೊಂಡಿತ್ತು), ಆಮೇಲೆ ಪ್ರೋಟೀನ್ ಇಲ್ಲದ ಮಾಸ್ಕ್ 20 ನಿಮಿಷ, ಕಿವಿಯಿಂದ ಕೆಳಗೆ ಮಾತ್ರ, ಬುಡದಲ್ಲಿ ಹೊಸ ಕೂದ್ಲು ಚೆನ್ನಾಗೇ ಇತ್ತಲ್ಲ. ಮೂರು ವಾರ ಪ್ರೋಟೀನ್ ಬಂದ್, ಡಬ್ಬಿ ಹಿಂದೆ ಕೆರಾಟಿನ್, ಸಿಲ್ಕ್, ವೀಟ್ ಪ್ರೋಟೀನ್ ಅಂತ ಇದ್ರೆ ಮುಟ್ಬೇಡ ಅಂದೆ. ತುದೀಲಿ ಎರಡು ಇಂಚು ಕತ್ತರಿಸಿದೆ, ಅತ್ಲು, ಆದ್ರೆ ಸೀಳಿದ ತುದಿ ಯಾವ ಮಾಸ್ಕಿಗೂ ಕೂಡ್ಕೊಳಲ್ಲ.

ಮೂರನೇ ತೊಳೆತಕ್ಕೆ ಮೆತ್ತಗಾಯ್ತು. ಖುಷಿಯಾಗಿ ಅವಳು ದಿನಾ ರಾತ್ರಿ ಮಾಸ್ಕ್ ಹಚ್ಕೊಂಡು ಶವರ್ ಕ್ಯಾಪ್ ಹಾಕಿ ಮಲಗೋಕೆ ಶುರು ಮಾಡಿದ್ಲಂತೆ! ಮುಂದಿನ ಸಲ ಬಂದಾಗ ಕೂದ್ಲು ನೆನೆದ ಶಾವಿಗೆ ಥರ, ಎಳೆದ್ರೆ ರಬ್ಬರ್ ಹಾಗೆ ಉದ್ದ ಆಗುತ್ತೆ, ವಾಪಸ್ ಬರಲ್ಲ, ಕೊನೆಗೆ ಹರಿಯುತ್ತೆ, ಒಣಗಿದ್ರೆ ಜೋತು ಬಿದ್ದಿರುತ್ತೆ. ಇದು ಆ ಕಡೆ ಅತಿ ಆಗಿದ್ದು, ತೇವ ಜಾಸ್ತಿ, ಪ್ರೋಟೀನ್ ಕಮ್ಮಿ. ಈಗ ಪ್ರೋಟೀನ್ ಬೇಕು, ಆದ್ರೆ ಹಗುರವಾಗಿ: ಹೈಡ್ರೊಲೈಜ್ಡ್ ಪ್ರೋಟೀನ್ ಇರೋ ಮಾಸ್ಕ್ ಐದು ನಿಮಿಷ, ತೊಳೆದು ಮೇಲೆ ಮಾಮೂಲಿ ಕಂಡೀಷನರ್. ಆಮೇಲಿಂದ ನಾಲ್ಕೈದು ತೊಳೆತಕ್ಕೆ ಒಂದು ಸಲ ಪ್ರೋಟೀನ್, ಉಳಿದಿದ್ದಕ್ಕೆಲ್ಲ ಬರೀ ಕಂಡೀಷನರ್, ಮಾಸ್ಕ್ ವಾರಕ್ಕೊಂದೇ ಸಲ, ಪ್ರತಿ ಸಲ ಹಾಕೋ ಮುಂಚೆ ಒಂದು ಎಳೆ ಎಳೆದು ನೋಡೋದು. ಎಷ್ಟಕ್ಕೊಂದು ಸಲ ಅನ್ನೋದು ಅವಳ ಕೂದಲಿಗೆ ಸರಿ ಹೋಗಿದ್ದು, ನಿಮ್ಮದಕ್ಕೆ ಎಳೆನೇ ಹೇಳ್ಬೇಕು.

ಇದೆಲ್ಲ ತೇಪೆ ಕೆಲಸಾನೇ, ಬ್ಲೀಚ್ ಆದ ಭಾಗ ಮೊದಲಿನ ಹಾಗೆ ಆಗಲ್ಲ, ತೊಳೀತಾ ತೊಳೀತಾ ಪ್ರೋಟೀನೂ ಹೋಗ್ತಿರುತ್ತೆ. ಇನ್ನೊಂದು, ಪಾರ್ಲರಲ್ಲಿ ನೇರ ಮಾಡ್ಸೋ "ಕೆರಾಟಿನ್" ಬೇರೆ, ಈ ಪ್ರೋಟೀನ್ ಬೇರೆ, ಅದರಲ್ಲಿ ಕೆಮಿಕಲ್ ಹಾಕಿ ಬಿಸಿ ಐರನ್ ಎಳೀತಾರೆ, ಇಂಥ ಕೂದಲಿಗೆ ನಾನಂತೂ ಮಾಡಲ್ಲ.

ಹೋದ ತಿಂಗಳು ಬಂದಿದ್ಲು. ಬುಡದಿಂದ ನಾಲ್ಕು ಇಂಚು ಕಪ್ಪಗೆ ಹೊಸದು ಬಂದಿದೆ, ಕೆಳಗಿಂದು ಎಳೆದ್ರೆ ಹಿಗ್ಗಿ ವಾಪಸ್ ಬರ್ತಿದೆ. "ಅಕ್ಕಾ, ಅಣ್ಣನ ಮದ್ವೆ ಇದೆ, ಮುಂದೆ ಎರಡೇ ಎರಡು ಹೈಲೈಟ್ಸ್?" ಅಂದ್ಲು. ನಾನು ಏನೂ ಅನ್ಲಿಲ್ಲ, ಹೋದ್ ವರ್ಷ ಬಾಚಣಿಗೆಲಿ ಸಿಕ್ಕಿದ್ದ ತುಂಡುಗಳನ್ನ ಕವರಲ್ಲಿ ಇಟ್ಟಿದ್ದೆ, ಡ್ರಾಯರಿಂದ ತೆಗೆದು ಮುಂದೆ ಇಟ್ಟೆ.