ಸುಳ್ಳು ಜ್ಞಾನವನ್ನು ಇಂಗ್ಲಿಷಿನಲ್ಲಿ ಏನೆನ್ನುವುದು

ಶಿರಸಿ, 14 ಜುಲೈ 2024, ಭಾನುವಾರ

ಮಳೆ ಬಿಟ್ಟಿಲ್ಲ. ಕರೆಂಟು ಬಂದಿದ್ದು ಸಂಜೆಗೆ. ಆಗಲೇ ಕಾರವಾರದಿಂದ ಗೆಳತಿಯ ಪಾಲಿನ ಅನುವಾದವೂ ಬಂತು. ನ್ಯಾಯದರ್ಶನ ಮತ್ತು ಮಧ್ವಮತಗಳ ವಾದದ ಬಗೆಗಿನ ಕನ್ನಡ ಲೇಖನವೊಂದನ್ನು ಇಬ್ಬರೂ ಸೇರಿ ಇಂಗ್ಲಿಷಿಗೆ ತರುತ್ತಿದ್ದೇವೆ. ನ್ಯಾಯದರ್ಶನದ ಭಾಗ ನನ್ನದು, ಮಧ್ವಮತದ ಭಾಗ ಅವಳದು. 'ಜ್ಞಾನ' ಬಂದಲ್ಲೆಲ್ಲ ನಾನು ಕಾಗ್ನಿಷನ್ ಎಂದಿದ್ದೇನೆ, ಅವಳು ನಾಲೆಜ್ ಎಂದಿದ್ದಾಳೆ.

ಫೋನ್ ಮಾಡಿದೆ. "ನಾಲೆಜ್ ಅಂದ್ರೆ ಎಲ್ಲರಿಗೂ ತಿಳೀತದಲ್ಲ ಮಾರಾಯ್ತಿ" ಎಂದಳು. ಚಿಪ್ಪನ್ನು ನೋಡಿ ಬೆಳ್ಳಿ ಎಂದುಕೊಂಡರೆ ನೈಯಾಯಿಕರಿಗೆ ಅದೂ ಜ್ಞಾನವೇ. ಅಯಥಾರ್ಥ ಜ್ಞಾನ, ಅಷ್ಟೆ. ಆದರೆ ಇಂಗ್ಲಿಷ್ ತತ್ವಶಾಸ್ತ್ರದವರು ನಿಜವಲ್ಲದ್ದನ್ನು ನಾಲೆಜ್ ಎನ್ನುವುದೇ ಇಲ್ಲ. ಸುಳ್ಳು ನಾಲೆಜ್ ಎಂದು ಬರೆದರೆ ನೈಯಾಯಿಕರೇ ತಲೆಕೆಟ್ಟವರಂತೆ ಕಾಣುತ್ತಾರೆ. ನಾಲೆಜ್ ಎಂಬುದನ್ನು 'ಪ್ರಮಾ' ಎಂಬ ಯಥಾರ್ಥ ಜ್ಞಾನಕ್ಕೆ ಮೀಸಲಿಡೋಣ ಎಂದೆ. ಒಪ್ಪಿದಳು.

'ಅನುಮಾನ' ಇನ್ನೂ ಅಪಾಯದ್ದು. ಲೇಖಕರು ಪೀಠಿಕೆಯಲ್ಲಿ "ಇದರಲ್ಲಿ ಅನುಮಾನವಿಲ್ಲ" ಎಂದು ನಮ್ಮ ದಿನದ ಮಾತಿನಂತೆ ಬರೆದಿದ್ದಾರೆ. ಅಲ್ಲಿ ಡೌಟ್ ಸರಿ. ಮುಂದೆ ಹೊಗೆ ಕಂಡು ಬೆಟ್ಟದಲ್ಲಿ ಬೆಂಕಿ ಇದೆ ಎಂದು ತಿಳಿಯುವಲ್ಲಿ ಅದು ಇನ್ಫರೆನ್ಸ್. ಅನ್ನಂಭಟ್ಟನ ತರ್ಕಸಂಗ್ರಹದಲ್ಲಿ ಸಂದೇಹಕ್ಕೆ 'ಸಂಶಯ' ಎಂಬ ಬೇರೆ ಹೆಸರೇ ಇದೆ, ಅದು ಅಯಥಾರ್ಥದ ಕಡೆಗೆ ಸೇರುತ್ತದೆ. ಕಂಪ್ಯೂಟರಿನಲ್ಲಿ ಹುಡುಕಿ ಒಟ್ಟಿಗೇ ಬದಲಿಸಿದರೆ ಅನುಮಾನವೆಂಬ ಪ್ರಮಾಣವೇ ಸಂದೇಹದ ಸಾಲಿಗೆ ಹೋಗಿ ಕೂರುತ್ತದೆ. ಒಂದೊಂದು ಜಾಗವನ್ನೂ ಓದಿಯೇ ತೀರ್ಮಾನಿಸಬೇಕು.

ದೊಡ್ಡಪ್ಪ ಕವಳ ಹಾಕುತ್ತ ಕೇಳಿಸಿಕೊಳ್ಳುತ್ತಿದ್ದರು. "ತಂಗೀ, ಪ್ರಮಾಣಕ್ಕೆ ಏನು ಬರೆದಿದ್ದೀಯೆ?" ಎಂದರು. ಮೀನ್ಸ್ ಆಫ್ ನಾಲೆಜ್, ಜ್ಞಾನದ ಸಾಧನ ಎಂದೆ.

"ನ್ಯಾಯಕ್ಕೆ ಸರಿ, ಅಲ್ಲಿ ಪ್ರಮೆಯ ಕರಣವೇ ಪ್ರಮಾಣ. ಆದರೆ ಮಧ್ವರು 'ಯಥಾರ್ಥಂ ಪ್ರಮಾಣಂ' ಅಂದರು. ಅಲ್ಲಿ ಯಥಾರ್ಥ ಜ್ಞಾನವೂ ಪ್ರಮಾಣವೇ, ಅದಕ್ಕೆ 'ಕೇವಲ ಪ್ರಮಾಣ' ಅಂತ ಹೆಸರು. ಸಾಧನಕ್ಕೆ ಅನುಪ್ರಮಾಣ ಅಂತಾರೆ. ನಿಮ್ಮ ಇಂಗ್ಲಿಷ್ ಅಲ್ಲಿಗೆ ಹೋದರೆ ಕೇವಲ ಪ್ರಮಾಣ ಎಲ್ಲಿ ನಿಲ್ಲಬೇಕು?"

ಹೌದಲ್ವಾ! ಇಡೀ ಲೇಖನ ಈ ಎರಡು ಮತಗಳ ಜಗಳವೇ. ಇಬ್ಬರ ಬಾಯಲ್ಲೂ ಒಂದೇ ಮಾತಿದೆ ಎಂಬುದು ಇಂಗ್ಲಿಷ್ ಓದುಗರಿಗೂ ಕಾಣಬೇಕು. ಎರಡು ಕಡೆ ಎರಡು ಮಾತು ಹಾಕಿದರೆ ಜಗಳವೇ ಮಾಯ. ಅದಕ್ಕೇ 'ಪ್ರಮಾಣ'ವನ್ನು ಮಾತ್ರ ಹಾಗೇ ಇಡುತ್ತೇವೆ. ಪ್ರತಿ ಭಾಗದಲ್ಲಿ ಮೊದಲ ಸಲ ಬಂದಾಗ ಆ ಮತದ ಅರ್ಥವನ್ನು ಬಿಡಿಸಿ ಬರೆಯುತ್ತೇವೆ. ಪದಪಟ್ಟಿಗೆ 'ಯಾರ ಮತ' ಎಂಬ ಕಾಲಂ ಸೇರಿಸಿ ಗೆಳತಿಗೆ ಕಳಿಸಿದೆ.

ದೊಡ್ಡಪ್ಪ ಎದ್ದು ಮಲಗಲು ಹೋದರು. ಈಚೆಗೆ ಬೇಗ ದಣಿಯುತ್ತಾರೆ. ಕೇಳುವುದು ಇನ್ನೂ ಎಷ್ಟೋ ಇದೆ, ಭಯವಾಗುತ್ತದೆ.

ನಾಳೆ 'ಸಾಕ್ಷಿ'. ಅದ್ವೈತದವರಿಗೆ ವಿಟ್ನೆಸ್ ಎಂದರೆ ನಡೆಯುತ್ತದೆ, ಸುಮ್ನೆ ನೋಡುವ ಚೈತನ್ಯ. ಮಧ್ವರ ಸಾಕ್ಷಿ ಆತ್ಮದ ಸ್ವಂತ ಇಂದ್ರಿಯ, ಜ್ಞಾನ ನಿಜವೋ ಅಲ್ಲವೋ ಎಂದು ನಿರ್ಣಯಿಸುವುದೂ ಅದೇ. ಅದನ್ನೂ ಹಾಗೇ ಇಟ್ಟರೆ ಪುಟದ ತುಂಬ ನಮ್ಮ ಪದಗಳೇ ಆಗುತ್ತವೆ. ಇಂಗ್ಲಿಷಿಗೆ ತಂದರೆ ಮತ್ತೆ ಆ ವ್ಯತ್ಯಾಸವೇ ಮಾಯ.