ಗುಡಿಸೋ ಮುಂಚೆ ಒಮ್ಮೆ ನೋಡಿ

ನಿನ್ನೆ ಮೊದಲ ಮಳೆ ನಿಂತದ್ದೇ ತುಮಕೂರಿನ ಬೀದಿದೀಪಗಳಿಗೆಲ್ಲ ಈಸಲು ಹುಳ, ಅಂದರೆ ರೆಕ್ಕೆ ಬಂದ ಗೆದ್ದಲು ಮುತ್ತಿದ್ದವು. ಹೊರಗಿಂದ ಬೆಳಕಿಗೆ ಬಂದವನ್ನು ನೋಡಿ ಮನೆಗೆ ಗೆದ್ದಲು ಹಿಡಿದಿದೆ ಅನ್ನೋಕಾಗಲ್ಲ. ಅವು ಯಾವ ಹೊಲದ ಬದುವಿನ ಹುತ್ತದವೋ. ಆದರೆ ಬಾಗಿಲ ಚೌಕಟ್ಟಿನ ಬುಡದ ಬಿರುಕಿನಿಂದಲೇ ಹುಳ ಹೊರಟರೆ ಗೂಡು ನೆಲದಡಿ, ಗೋಡೆಗೆ ಹತ್ತಿರದಲ್ಲೇ ಇರೋ ಸಾಧ್ಯತೆ ಹೆಚ್ಚು. ಅದು ಹೊಸದೂ ಅಲ್ಲ. ರೆಕ್ಕೆಹುಳ ಬಿಡುವಷ್ಟು ಬಲಿಯೋಕೆ ಗೂಡಿಗೆ ಕೆಲವು ವರ್ಷ ಬೇಕು. ಅಷ್ಟು ವರ್ಷ ಕಾಲಡಿಯಲ್ಲೇ ಇದ್ದು, ಒಂದು ಸಂಜೆ ಮಾತ್ರ ಕಣ್ಣಿಗೆ ಬೀಳುತ್ತವೆ.

ಬೆಳಗ್ಗೆ ಒಂದು ಹುಳ ಎತ್ತಿ ನೋಡಿ. ನಾಲ್ಕೂ ರೆಕ್ಕೆ ಒಂದೇ ಉದ್ದ, ಸೊಂಟ ದಪ್ಪ ಇದ್ದರೆ ಗೆದ್ದಲು. ಮುಂದಿನ ರೆಕ್ಕೆ ಉದ್ದ, ಸೊಂಟ ಸಣ್ಣ ಇದ್ದರೆ ಇರುವೆ. ಬಿರುಕಿಗೆ ಸಿಮೆಂಟು ಮೆತ್ತಿ ಸುಮ್ಮನಾಗೋದೇ ದೊಡ್ಡ ತಪ್ಪು. ಹಾರಿಹೋದವು ಮರ ತಿನ್ನಲ್ಲ, ತಿನ್ನೋ ಕೆಲಸಗಾರ ಹುಳಗಳು ಒಳಗೇ ಇರುತ್ತವೆ. ಮೊದಲು ಆ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಚೌಕಟ್ಟನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ; ತಿಂದು ಹಾಕಿದ ಕಡೆ ಟೊಳ್ಳು ಸದ್ದು ಬರುತ್ತೆ. ಪಕ್ಕದಲ್ಲಿ ಮಣ್ಣಿನ ಕೊಳವೆ ಕಂಡರೆ ಒಂದಿಂಚು ಮುರಿದು ಬಿಡಿ. ನಾಲ್ಕೈದು ದಿನದಲ್ಲಿ ಹಸಿಮಣ್ಣು ಮೆತ್ತಿ ಮುಚ್ಚಿಕೊಂಡರೆ ಓಡಾಟ ಇನ್ನೂ ನಡೀತಿದೆ. ಮುಚ್ಚದಿದ್ದರೆ ಗೂಡು ಸತ್ತಿದೆ ಅಂತಲ್ಲ, ಬೇರೆ ದಾರಿ ಹಿಡಿದಿರಬಹುದು.